ವ್ಯಾಪಾರಿಯ ಮೆಸೇಜಿಗೆ ಉತ್ತರ ಬರೆದುಕೊಡಿ, ಅರ್ಜೆಂಟ್

ಅಮ್ಮತ್ತಿ_ಹುಡುಗ · 20 ಫೆಬ್ರವರಿ, ಬೆಳಿಗ್ಗೆ 9:12

ಎಲ್ಲರಿಗೂ ನಮಸ್ಕಾರ. ಮಾವ ರೊಬಸ್ಟಾ ಕಾಫಿ ಚೆರಿ ಕೊಟ್ಟಿದ್ದ ವ್ಯಾಪಾರಿಯಿಂದ ವಾಟ್ಸ್‌ಆ್ಯಪ್ ಬಂದಿದೆ. ಇವತ್ತೇ ಉತ್ತರ ಹೋಗಬೇಕಂತೆ. ಬರೆಯುವ ಕೆಲಸ ನನಗೆ ಹಚ್ಚಿದ್ದಾರೆ. ವರ್ಷಾವರ್ಷ ಅವರಿಗೇ ಕೊಡೋದು, ಹಾಗಾಗಿ ಜಗಳದ ಥರ ಇರಬಾರದು. ಆದರೆ ನಾವು ಒಪ್ಪಿಕೊಂಡ ಹಾಗೂ ಆಗಬಾರದು. ಐದಾರು ಸಾಲು ಸಾಕು. ಕೆಳಗಿನ ಮೆಸೇಜ್ ನೋಡಿ ಯಾರಾದರೂ ಚೆಂದ ಮಾಡಿ ಬರೆದುಕೊಡಿ.

ಮೆಸೇಜ್:



ತುಂಬಾ ಉಪಕಾರ ಆಗುತ್ತೆ.

ಸಿದ್ದಾಪುರ_ಸ್ಟೋರ್ಸ್ · 9:20

ಈ ಸೀಸನ್ನಲ್ಲಿ ಎಲ್ಲರದ್ದೂ ಒಂದೇ ಕಥೆ, ಚೆರಿಯಿಂದ ಬರೋ ಬೇಳೆಯ ಲೆಕ್ಕ, ಅದೇ ಔಟ್‌ಟರ್ನ್, ಕಮ್ಮಿ ಹಾಕ್ತಾರೆ. ಇದನ್ನೇ ಕಳಿಸಿ:

"ನಮಸ್ಕಾರ. ನೀವು ಔಟ್‌ಟರ್ನ್ ಕಡಿಮೆ ಹಾಕಿರುವುದನ್ನು ನಾವು ಒಪ್ಪುವುದಿಲ್ಲ. ಮಾತಾದ ಹಾಗೆ ಪೂರ್ತಿ ಹಣ ಕೊಡಬೇಕು. ತೂಕದ ಚೀಟಿ ನಮ್ಮ ಹತ್ತಿರ ಇದೆ. ಸಂಬಂಧ ಹೀಗೇ ಇರಲಿ ಎಂದು ಬಯಸುತ್ತೇವೆ."

ಮೆತ್ತಗೂ ಇದೆ, ಗಟ್ಟಿಯೂ ಇದೆ.

ಎಸ್ಟೇಟ್_ರೈಟರ್ · 9:41

ಅಮ್ಮತ್ತಿ ಅವರೇ, ನಿಮ್ಮ ಪೋಸ್ಟಿನಲ್ಲಿ "ಮೆಸೇಜ್:" ಆದ ಮೇಲೆ ಜಾಗ ಖಾಲಿ ಇದೆ. ವ್ಯಾಪಾರಿ ಬರೆದ ಒಂದಕ್ಷರವೂ ನಮಗೆ ಕಾಣುತ್ತಿಲ್ಲ. ಮೊದಲು ಅದನ್ನು ಹಾಕಿ.

ಸ್ಟೋರ್ಸ್ ಅವರೇ, ನಿಮ್ಮ ಭಾಷೆ ಚೆನ್ನಾಗಿದೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಆ ನಾಲ್ಕು ಸಾಲಿನೊಳಗೆ ನಮಗೆ ಯಾರೂ ಹೇಳದ ಸಂಗತಿ ಎಷ್ಟು ಸೇರಿದೆ ನೋಡಿ. ಮೆಸೇಜ್ ಔಟ್‌ಟರ್ನ್ ಬಗ್ಗೆ ಅಂತ ಅವರು ಹೇಳಿಲ್ಲ. ಕಡಿತ ಆಗಲೇ ಆಗಿದೆಯೋ, ಮಾಡಬಹುದೇ ಅಂತ ಕೇಳುತ್ತಿದ್ದಾರೋ ಗೊತ್ತಿಲ್ಲ. "ಮಾತಾದ ಹಾಗೆ" ಅಂದಿರಿ, ಏನು ಮಾತಾಗಿತ್ತು ಅಂತ ಗೊತ್ತಿಲ್ಲ. ತೂಕದ ಚೀಟಿ ಇದೆ ಅಂತ ಮಾವನ ಪರವಾಗಿ ನೀವೇ ಹೇಳಿಬಿಟ್ಟಿರಿ. ನಾಳೆ "ಆ ಚೀಟಿಯ ಫೋಟೋ ಕಳಿಸಿ" ಅಂತ ವ್ಯಾಪಾರಿ ಕೇಳಿದರೆ ಮಾವ ಎಲ್ಲಿಂದ ತರಬೇಕು?

ಕಡಿತದ ವಿಷಯವೇ ಅಲ್ಲದೆ, ಬ್ಯಾಂಕ್ ಖಾತೆ ನಂಬರ್ ಕೇಳಿದ ಮೆಸೇಜ್ ಆಗಿದ್ದರೆ? ಸುಮ್ಮನೆ ಕುಳಿತಿದ್ದವನ ಮೇಲೆ ನಾವೇ ಜಗಳ ತೆಗೆದ ಹಾಗಾಗುತ್ತದೆ.

ಮಡಿಕೇರಿ_ಮಂಜು · 9:55

ಡಿಲೀಟ್ ಆದ ಮೆಸೇಜ್ ತಾನೇ? ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಹಿಸ್ಟರಿ ಅಂತ ಇದೆ, ಅಲ್ಲಿ ಸಿಗುತ್ತೆ. ಆದರೆ ಮೊದಲೇ ಆನ್ ಮಾಡಿಟ್ಟಿರಬೇಕು, 24 ಗಂಟೆಯದ್ದು ಮಾತ್ರ ಇರುತ್ತೆ. ಮೆಸೇಜ್ ಉದ್ದ ಇದ್ದರೆ ಪೂರ್ತಿ ಸಿಗಲ್ಲ, ನೋಟಿಫಿಕೇಶನ್ನಲ್ಲಿ ಕಂಡಷ್ಟೇ.

ಅಮ್ಮತ್ತಿ_ಹುಡುಗ · 10:18

ಡಿಲೀಟ್ ಆಗಿಲ್ಲ ಮಂಜಣ್ಣ, ಮಾವನ ಫೋನಲ್ಲೇ ಇದೆ. ನನಗೆ ಫಾರ್ವರ್ಡ್ ಮಾಡ್ತೇನೆ ಅಂದಿದ್ದರು, ಬಂದ ಕೂಡಲೇ ಹಾಕೋಣ ಅಂತ ಜಾಗ ಬಿಟ್ಟಿದ್ದೆ. ಈಗ ತೋಟಕ್ಕೆ ಇಳಿದಿದ್ದಾರೆ, ಅಲ್ಲಿ ನೆಟ್ ಇಲ್ಲ, ಕಾಲ್ ಮಾತ್ರ ಹೇಗೋ ಹೋಗುತ್ತೆ.

ಫೋನಲ್ಲಿ ಹೇಳಿದ್ದು ಇಷ್ಟು: "28 ಅಂತ ಮಾತಾಗಿತ್ತು, ಈಗ 26ಕ್ಕೆ ಕ್ಲೋಸ್ ಮಾಡ್ತೇವೆ ಅಂತಾರೆ. ಮಾಯಿಶ್ಚರ್ ಅಂತಲೂ ಏನೋ ಇದೆ. ಹೇಳಿ ಅಂತ ಕೇಳಿದ್ದಾರೆ." 40 ಚೀಲ ಕೊಟ್ಟದ್ದು. ಇಷ್ಟರಲ್ಲಿ ಬರೆಯೋಕೆ ಆಗಲ್ವಾ?

ಚೆರಿ_ಲೆಕ್ಕ · 10:37

26 ಅಂದರೆ ಯಾವ 26? ಇವತ್ತು ತಾರೀಕು 20. ರೊಬಸ್ಟಾ ಚೆರಿಯ ಔಟ್‌ಟರ್ನ್ ಮಾಮೂಲಾಗಿ ಓಡಾಡುವುದೂ 26, 28ರ ಆಸುಪಾಸಿನಲ್ಲೇ. 50 ಕಿಲೋದ ಒಂದು ಚೀಲ ಚೆರಿಯನ್ನು ಹಲ್ಲಿಂಗ್ ಮಾಡಿ ಸಿಪ್ಪೆ ತೆಗೆದರೆ 28 ಕಿಲೋ ಬೇಳೆ ಬರಬೇಕಿತ್ತು, ಸ್ಯಾಂಪಲ್‌ನಲ್ಲಿ 26 ಬಂದಿದೆ ಅಂತಲೂ ಇರಬಹುದು. 28ನೇ ತಾರೀಕು ಹಣ ಕೊಡ್ತೇವೆ ಅಂದಿದ್ದೆವು, 26ಕ್ಕೇ ಲೆಕ್ಕ ಮುಗಿಸುತ್ತೇವೆ ಅಂತಲೂ ಇರಬಹುದು. ಮೊದಲನೆಯದು ನಷ್ಟದ ಸುದ್ದಿ, ಎರಡನೆಯದು ಎರಡು ದಿನ ಮೊದಲೇ ಹಣ ಬರುವ ಸುದ್ದಿ.

ನಷ್ಟ ಅಂತಲೇ ಇಟ್ಟುಕೊಂಡರೆ ಎಷ್ಟು ಅಂತ ತಿಳಿದಿರಲಿ. ಲೆಕ್ಕಕ್ಕೆ ಸುಲಭ ಆಗಲಿ ಅಂತ ಔಟ್‌ಟರ್ನಿನ ಒಂದು ಪಾಯಿಂಟಿಗೆ 380 ರೂಪಾಯಿ ಹಿಡಿಯೋಣ, ನಿಮ್ಮ ರೇಟ್ ನೀವು ಹಾಕಿಕೊಳ್ಳಿ. 28ಕ್ಕೆ ಚೀಲಕ್ಕೆ 10,640. 26ಕ್ಕೆ 9,880. ಚೀಲಕ್ಕೆ 760 ಹೋಯಿತು, 40 ಚೀಲಕ್ಕೆ 30,400. ಊಹೆಯ ಮೇಲೆ ಉತ್ತರ ಬರೆಯುವ ಮೊತ್ತ ಅಲ್ಲ ಇದು.

ಇನ್ನು ಮಾಯಿಶ್ಚರ್. ಅದನ್ನು ಅವರು ಹೇಗೆ ಬರೆದಿದ್ದಾರೆ ಅನ್ನುವುದು ಬಹಳ ಮುಖ್ಯ. ಚೆರಿ ಸರಿಯಾಗಿ ಒಣಗಿಲ್ಲ ಅಂತ ತೂಕದಲ್ಲಿ ಕಡಿಯುವವರಿದ್ದಾರೆ, ಔಟ್‌ಟರ್ನ್ ಇಳಿಸುವವರೂ ಇದ್ದಾರೆ. ಒಂದೇ ಕಾರಣಕ್ಕೆ ಎರಡೂ ಕಡೆ ಕಡಿದಿದ್ದರೆ ಅಲ್ಲಿ ಕೇಳಬೇಕು. ಮಾವನ "ಏನೋ ಇದೆ"ಯಿಂದ ಇದು ಗೊತ್ತಾಗಲ್ಲ.

ಸಿದ್ದಾಪುರ_ಸ್ಟೋರ್ಸ್ · 10:50

ಮಾಯಿಶ್ಚರ್ ಅಂತ ಬಂದ ಮೇಲೆ ತಾರೀಕು ಹೇಗೆ ಆಗುತ್ತೆ? ಔಟ್‌ಟರ್ನೇ. ನಾನು ಮೊದಲೇ ಹೇಳಿದ್ದೆ. ಇವತ್ತು ಉತ್ತರ ಕೊಡದಿದ್ದರೆ ಒಪ್ಪಿದ ಹಾಗೆ ಆಗುತ್ತೆ, ಸುಮ್ಮನೆ ಸಮಯ ಕಳೀಬೇಡಿ.

ಎಸ್ಟೇಟ್_ರೈಟರ್ · 11:24

ಔಟ್‌ಟರ್ನ್ ಇರಬಹುದು ಅಂತ ನನಗೂ ಅನಿಸುತ್ತದೆ. ಆದರೂ ಅದರ ಮೇಲೆ ಪತ್ರ ಕಟ್ಟುವುದಿಲ್ಲ. "ಮಾಯಿಶ್ಚರ್ ಸರಿ ಇತ್ತು, 26ನೇ ತಾರೀಕು ಬಂದು ಹಣ ತಗೊಳ್ಳಿ" ಅಂತ ಬರೆದಿದ್ದರೂ ಮಾವ ಫೋನಲ್ಲಿ ಹೇಳಿದ ನಾಲ್ಕು ಮಾತೂ ಸುಳ್ಳಾಗುವುದಿಲ್ಲ. ಇನ್ನೊಬ್ಬರು ಓದಿ ಹೇಳಿದಾಗ ಮೊದಲು ಉದುರಿಹೋಗುವುದು ಷರತ್ತಿನ ಭಾಗ. "ಇಷ್ಟರೊಳಗೆ ಬಂದರೆ", "ಬೇಕಾದರೆ ಇನ್ನೊಮ್ಮೆ ಸ್ಯಾಂಪಲ್ ತೆಗೆಯೋಣ" ಅನ್ನುವಂಥದ್ದು ಫೋನಿನ ವರದಿಯಲ್ಲಿ ಬರುವುದಿಲ್ಲ, ಮೊತ್ತ ಮಾತ್ರ ಬರುತ್ತದೆ. ಮರುಪರೀಕ್ಷೆಗೆ ಅವರೇ ಕರೆದಿದ್ದು, ನಾವು "ಒಪ್ಪುವುದಿಲ್ಲ" ಅಂತ ಮಾತ್ರ ಬರೆದರೆ ತೆರೆದಿದ್ದ ಬಾಗಿಲನ್ನು ನಾವೇ ಹಾಕಿಕೊಂಡಂತೆ.

ಉತ್ತರ ಕೊಡದಿದ್ದರೆ ಒಪ್ಪಿದ ಹಾಗೆ ಅನ್ನುವುದು ಅರ್ಧ ಸರಿ. ನೀನು ಸುಮ್ಮನಿದ್ದರೆ ಒಪ್ಪಿಗೆ ಅಂತ ಒಬ್ಬರು ಇನ್ನೊಬ್ಬರ ಮೇಲೆ ತಾವಾಗಿ ಹೇರಲು ಬರುವುದಿಲ್ಲ. ಆದರೆ ಮಾವ ಹೋಗಿ, 26ರ ಲೆಕ್ಕದ ಚೀಟಿಗೆ ಸಹಿ ಹಾಕಿ, ಹಣ ತೆಗೆದುಕೊಂಡರೆ ಮಾತು ಬೇರೆ. ಅದು ಸುಮ್ಮನಿರುವುದಲ್ಲ, ಒಪ್ಪಿ ನಡೆದುಕೊಂಡದ್ದು. ಹಾಗಾಗಿ ಮೂಲ ಓದುವ ತನಕ ಸಹಿಯೂ ಬೇಡ, ಹಣವೂ ಬೇಡ ಅಂತ ಮೊದಲು ಅವರಿಗೆ ಫೋನ್ ಮಾಡಿ ಹೇಳಿ.

ಇವತ್ತು ಕಳಿಸಲು ಇಷ್ಟು ಸಾಕು:

"ನಮಸ್ಕಾರ. ನಿಮ್ಮ ಮೆಸೇಜ್ ಬಂದಿದೆ. ತೋಟದಲ್ಲಿದ್ದ ಕಾರಣ ಪೂರ್ತಿ ಓದಿ ಉತ್ತರಿಸಲು ಆಗಿಲ್ಲ. ನಾಳೆ ಸಂಜೆಯೊಳಗೆ ಬರೆದು ತಿಳಿಸುತ್ತೇನೆ. ಅಲ್ಲಿಯವರೆಗೆ ಲೆಕ್ಕ ಹಾಗೇ ಇರಲಿ."

ಇದರಲ್ಲಿ ಅಂಕಿ ಇಲ್ಲ, ಔಟ್‌ಟರ್ನ್ ಅನ್ನುವ ಪದ ಇಲ್ಲ, ಕ್ಷಮೆ ಇಲ್ಲ, ಧನ್ಯವಾದವೂ ಇಲ್ಲ. ಧನ್ಯವಾದ ಬಿಟ್ಟದ್ದು ಮರೆತು ಅಲ್ಲ. ಕಡಿತದ ಮೆಸೇಜಿಗೆ "ತಿಳಿಸಿದ್ದಕ್ಕೆ ಧನ್ಯವಾದ" ಅಂದರೆ ಓದುವವನಿಗೆ ಸಮಾಧಾನದ ದನಿ ಕೇಳುತ್ತದೆ. ಹಾಗೆಯೇ ನಾವು ಬಾಯಿಮಾತಿನ ಅಭ್ಯಾಸದಲ್ಲಿ "ಸರಿ ಅಣ್ಣ, ನೋಡ್ತೇನೆ" ಅಂತ ಶುರು ಮಾಡುತ್ತೇವಲ್ಲ, ಆ ಮೊದಲ ಪದ ಬೇಡ. ಆಮೇಲೆ ಸ್ಕ್ರೀನ್‌ಶಾಟ್ ತೆಗೆದರೆ "ಸರಿ" ಮಾತ್ರ ಉಳಿಯುತ್ತದೆ.

"ನಾಳೆ ಸಂಜೆ" ಅಂತ ಹಾಕಿದ್ದೂ ಬೇಕೆಂದೇ. ದಿನ ಹೇಳದೆ "ಆಮೇಲೆ ಹೇಳ್ತೇನೆ" ಅಂದರೆ ತಳ್ಳಿಹಾಕಿದ ಹಾಗೆ ಕಾಣುತ್ತದೆ, ಅವರು ಸಂಜೆಯೇ ಮತ್ತೆ ಫೋನ್ ಮಾಡುತ್ತಾರೆ.

ಚೆರಿ_ಲೆಕ್ಕ · 11:40

ಒಂದು ಸಾಲು ಸೇರಿಸಬೇಕು ರೈಟರೇ: "ತೆಗೆದ ಸ್ಯಾಂಪಲ್ ಹಾಗೇ ಇಟ್ಟಿರಿ." ಚೆರಿ ಬೇರೆಯವರ ಮಾಲಿನ ಜೊತೆ ರಾಶಿಗೆ ಬಿದ್ದ ಮೇಲೆ, ಹಲ್ಲಿಂಗಿಗೆ ಹೋದ ಮೇಲೆ, 28 ಇತ್ತು ಅಂತ ತೋರಿಸಲು ನಮ್ಮ ಕೈಯಲ್ಲಿ ಏನೂ ಇರಲ್ಲ. ಮರುಪರೀಕ್ಷೆಗೆ ಇರೋದು ಆ ಸ್ಯಾಂಪಲ್ ಒಂದೇ. ನಾಳೆ ಸಂಜೆಗೆ ಕೇಳಿದರೆ ತಡ ಆಗಿರಬಹುದು.

ಎಸ್ಟೇಟ್_ರೈಟರ್ · 11:52

ಆ ಸಾಲು ಹಾಕಿದರೆ ಮೆಸೇಜ್ ಸ್ಯಾಂಪಲ್ ಬಗ್ಗೆ ಅಂತ ನಾವೇ ತೀರ್ಮಾನ ಮಾಡಿದ ಹಾಗೆ. ತಾರೀಕಿನ ವಿಷಯ ಆಗಿದ್ದರೆ, ಏನೂ ಹೇಳದ ಮನುಷ್ಯನ ಮೇಲೆ ಅನುಮಾನಪಟ್ಟಂತೆ ಕಾಣುತ್ತದೆ. ವರ್ಷಾವರ್ಷ ಕೊಡುವವರು ಅಂತ ಅವರೇ ಹೇಳಿದ್ದಾರೆ.

ಚೆರಿ_ಲೆಕ್ಕ · 11:58

ಅನುಮಾನಪಟ್ಟಂತೆ ಕಂಡರೆ ಒಂದು ಕಾಫಿ ಕುಡಿದು ಸರಿ ಮಾಡಿಕೊಳ್ಳಬಹುದು. ಸ್ಯಾಂಪಲ್ ಹೋದರೆ ಏನು ಮಾಡಿದರೂ ಬರಲ್ಲ. ಬರಹದಲ್ಲಿ ಬೇಡ ಅಂದರೆ ಮಾವ ಫೋನ್ ಮಾಡಿ ಬಾಯಲ್ಲಾದರೂ ಹೇಳಲಿ.

ಪೊನ್ನಂಪೇಟೆ_ಅಕ್ಕ · 12:15

ನನ್ನದೂ ಇದೇ ಥರದ ಕಷ್ಟ, ಇಲ್ಲೇ ಕೇಳ್ತೇನೆ. ಒಂದು ಕಚೇರಿಯಿಂದ ಜಾಗದ ವಿಷಯಕ್ಕೆ ಪತ್ರ ಬಂತು, ಇಮೇಲಲ್ಲಿ ವರ್ಡ್ ಫೈಲ್. ಉತ್ತರ ಬರೆಯೋಕೆ ತಮ್ಮನಿಗೆ ಕಾಪಿ ಮಾಡಿ ಕಳಿಸಿದೆ. ಅವನಿಗೆ ಹೋದದ್ದು ಪೂರಾ "PÀ£ÀßqÀ" ಅಂತ ಈ ಥರ. ನಾನು ಪೇಸ್ಟ್ ಮಾಡಿದ್ದೇನೆ, ಅವನು ಪತ್ರವೇ ಇಲ್ಲ ಅಂತಾನೆ. ಉತ್ತರ ಹೇಗೆ ಬರೆಯೋದು?

ಎಸ್ಟೇಟ್_ರೈಟರ್ · 12:33

ಅಕ್ಕ, ನಿಮ್ಮದು ಬೇರೆ ರೋಗ. ಆ ಪತ್ರ ಯುನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿದೆ. ನಿಮ್ಮ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದರಿಂದ ಕನ್ನಡವಾಗಿ ಕಾಣುತ್ತದೆ, ತಮ್ಮನ ಫೋನಲ್ಲಿ ಇಲ್ಲ, ಹಾಗಾಗಿ ಒಳಗಿನ ಅಕ್ಷರ ಹೊರಗೆ ಬಿತ್ತು. ನೀವು ಬರೆದಿರುವ ಆ ಚೂರು "ಕನ್ನಡ" ಅನ್ನುವ ಪದವೇ. ಕಾಪಿ ಮಾಡುವುದು ಬಿಟ್ಟು ಪತ್ರವನ್ನು ಪಿಡಿಎಫ್ ಮಾಡಿ ಕಳಿಸಿ, ಇಲ್ಲವೇ ತೆರೆದು ಸ್ಕ್ರೀನ್‌ಶಾಟ್ ತೆಗೆಯಿರಿ. ಪರಿವರ್ತಕದಲ್ಲಿ ಹಾಕಿ ಯುನಿಕೋಡಿಗೆ ತಿರುಗಿಸಲೂ ಬರುತ್ತದೆ, ಆದರೆ ಒತ್ತಕ್ಷರ ಮತ್ತು ಅಂಕಿಗಳನ್ನು ಮೂಲದ ಜೊತೆ ಇಟ್ಟು ನೋಡಿಕೊಳ್ಳಬೇಕು.

ಕಚೇರಿಯ ಪತ್ರಕ್ಕೆ ಮೂಲ ಇಲ್ಲದೆ ಉತ್ತರದ ತಲೆಯನ್ನೂ ಬರೆಯಲು ಬರುವುದಿಲ್ಲ. "ವಿಷಯ" ಆದ ಮೇಲೆ "ಉಲ್ಲೇಖ" ಅಂತ ಬರುತ್ತದಲ್ಲ, ಅಲ್ಲಿ ಅವರ ಪತ್ರದ ಸಂಖ್ಯೆ ಮತ್ತು ದಿನಾಂಕವನ್ನು ಇದ್ದ ಹಾಗೇ ಹಾಕಬೇಕು. ಸಂಖ್ಯೆ ತಪ್ಪಿದರೆ ನಿಮ್ಮ ಉತ್ತರ ಆ ಕಡತಕ್ಕೆ ಸೇರುವುದೇ ಕಷ್ಟ. ವಿವರ ಕೇಳಬೇಕಾದರೆ ಬೇರೆ ಪೋಸ್ಟ್ ಹಾಕಿ, ಇಲ್ಲಿ ಕಾಫಿ ಕಳೆದುಹೋಗುತ್ತದೆ.

ಅಮ್ಮತ್ತಿ_ಹುಡುಗ · ಮಧ್ಯಾಹ್ನ 1:05

ರೈಟರ್ ಸರ್ ಬರೆದದ್ದನ್ನೇ ಮಾವನಿಗೆ ಫೋನಲ್ಲಿ ಓದಿ ಹೇಳಿದೆ. ನೆಟ್ ಇರೋ ಕಡೆ ಬಂದು ಕಳಿಸ್ತಾರೆ. ಸ್ಯಾಂಪಲ್ ವಿಷಯ ಬಾಯಲ್ಲಿ ಹೇಳ್ತಾರಂತೆ, ಬರೆಯೋದು ಬೇಡ ಅಂದ್ರು. ಸಹಿ ವಿಷಯವೂ ಹೇಳಿದ್ದೇನೆ.

ಮೂಲ ಮೆಸೇಜನ್ನು ಅವರ ಕೈಲಿ ಹೇಗೆ ಕಳಿಸೋಕೆ ಹೇಳೋದು? ಅವರಿಗೆ ಫೋನ್ ಅಷ್ಟಕ್ಕಷ್ಟೆ.

ಎಸ್ಟೇಟ್_ರೈಟರ್ · 1:30

ಫಾರ್ವರ್ಡ್ ಬೇಡ, ಸ್ಕ್ರೀನ್‌ಶಾಟ್ ಕೇಳಿ. ಫಾರ್ವರ್ಡ್ ಮಾಡಿದರೆ ಬರಹ ಬರುತ್ತದೆ, ಆದರೆ ಯಾರು ಬರೆದದ್ದು, ಎಷ್ಟು ಹೊತ್ತಿಗೆ ಅನ್ನುವುದು ಹೋಗುತ್ತದೆ. ವ್ಯಾಪಾರಿ ಮಾವನ ಹಳೆಯ ಮಾತೊಂದನ್ನು ಹಿಡಿದು ಅದರ ಕೆಳಗೆ ಉತ್ತರಿಸಿದ್ದರೆ ಆ ಹಳೆಯ ಮಾತೂ ಬರುವುದಿಲ್ಲ. ಈ ಕೇಸಿನಲ್ಲಿ ಅದೇ ಬೇಕಾದದ್ದು, ಯಾಕೆಂದರೆ "28" ಯಾರು, ಯಾವ ಮಾತಿನಲ್ಲಿ ಹೇಳಿದರು ಅನ್ನುವುದು ಅಲ್ಲಿ ಕಾಣಬಹುದು.

ಮೆಸೇಜ್ ಉದ್ದ ಇದ್ದರೆ ಕೊನೆಯಲ್ಲಿ "ಇನ್ನಷ್ಟು ಓದಿ" ಅಂತ ಇರುತ್ತದೆ, ಮೊದಲು ಅದನ್ನು ಒತ್ತಬೇಕು. ಆಮೇಲೆ ಮೇಲ್ಗಡೆ ಹೆಸರು ಕಾಣುವ ಹಾಗೆ ಒಂದು ಶಾಟ್, ಸ್ವಲ್ಪ ಕೆಳಗೆ ಸರಿಸಿ ಇನ್ನೊಂದು. ಎರಡರಲ್ಲೂ ಒಂದೆರಡು ಸಾಲು ಸಮಾನವಾಗಿ ಇರಲಿ, ಆಗ ನಡುವೆ ಏನೂ ಬಿಟ್ಟುಹೋಗಿಲ್ಲ ಅಂತ ಗೊತ್ತಾಗುತ್ತದೆ. ಮೆಸೇಜ್ ಜೊತೆ ಚೀಟಿಯ ಫೋಟೋ ಇದ್ದರೆ ಅದನ್ನು ತೆರೆದು ಬೇರೆ ಕಳಿಸಬೇಕು. ಧ್ವನಿ ಸಂದೇಶ ಆಗಿದ್ದರೆ ಮಾತ್ರ ಫಾರ್ವರ್ಡ್ ಮಾಡಲಿ, ನೀವು ಕೇಳಿ ಪದಕ್ಕೆ ಪದ ಬರೆದುಕೊಳ್ಳಿ, ತಿದ್ದಬೇಡಿ.

ಸ್ಕ್ರೀನ್‌ಶಾಟ್ ಆಗುವುದೇ ಇಲ್ಲ ಅಂದರೆ ಫೋನಲ್ಲಿ ಓದಿಸಿ. ಆದರೆ "ಏನು ಹೇಳಿದ್ದಾರೆ" ಅಂತ ಕೇಳಬೇಡಿ, ಆಗ ಮತ್ತೆ ಸಾರಾಂಶವೇ ಬರುತ್ತದೆ. "ಮೊದಲ ಪದದಿಂದ ಓದಿ" ಅನ್ನಿ. 26ರ ಹಿಂದೆ ಮುಂದೆ ಇರುವ ಪದ ಏನು ಅಂತ ಎರಡು ಸಲ ಓದಿಸಿ.

ಇಲ್ಲಿಗೆ ಹಾಕುವ ಮೊದಲು ವ್ಯಾಪಾರಿಯ ಹೆಸರು, ನಂಬರ್ ಅಳಿಸಿ.

ಸಿದ್ದಾಪುರ_ಸ್ಟೋರ್ಸ್ · 2:10

ಇಷ್ಟೆಲ್ಲ ಯಾಕೆ, ವಾಟ್ಸ್‌ಆ್ಯಪ್‌ಗೆ ಕೋರ್ಟಲ್ಲಿ ಬೆಲೆ ಇಲ್ಲ.

ಎಸ್ಟೇಟ್_ರೈಟರ್ · 2:26

ಬೆಲೆ ಇಲ್ಲ ಅನ್ನುವುದು ಸರಿಯಲ್ಲ. ಸರ್ಟಿಫಿಕೇಟ್ ಜೊತೆ ಹಾಜರುಪಡಿಸಬೇಕು ಅಷ್ಟೆ. ಮೊದಲು ಅದು ಸಾಕ್ಷ್ಯ ಅಧಿನಿಯಮದ 65ಬಿ ಕಲಮಿನಲ್ಲಿತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 63ನೇ ಕಲಮು. 40 ಚೀಲಕ್ಕೆ ಯಾರೂ ಕೋರ್ಟಿಗೆ ಹೋಗುವುದಿಲ್ಲ, ಅದು ಬೇರೆ ಮಾತು. ಆದರೆ ಮೂಲ ಮೆಸೇಜ್ ಇರುವ ಫೋನನ್ನು ಮಾವ ಈಗ ಬದಲಾಯಿಸುವುದು, ಚಾಟ್ ಅಳಿಸುವುದು ಬೇಡ.

ಚೆರಿ_ಲೆಕ್ಕ · 2:48

ಹುಡುಗ, ಮೆಸೇಜ್ ಬಂದ ಮೇಲೆ ಮತ್ತೆ ಪರದಾಡಬೇಡ. ಎರಡು ಕರಡು ಈಗಲೇ ಬರೆದಿಟ್ಟಿದ್ದೇನೆ. ಚೌಕ ಕಂಸ ಇರುವ ಕಡೆಯೆಲ್ಲ ಮೂಲದಿಂದ ತುಂಬಬೇಕು, ನೆನಪಿನಿಂದ ಅಲ್ಲ.

ಔಟ್‌ಟರ್ನ್ ಆಗಿದ್ದರೆ:

"ನಮಸ್ಕಾರ. [ದಿನ]ದಂದು ಕೊಟ್ಟ 40 ಚೀಲ ಚೆರಿಗೆ ಔಟ್‌ಟರ್ನ್ [ಅವರು ಬರೆದ ಅಂಕಿ] ಅಂತ ತಿಳಿಸಿದ್ದೀರಿ. ಸ್ಯಾಂಪಲ್ ಎಷ್ಟು ಗ್ರಾಂ ತೆಗೆದದ್ದು, ಮಾಯಿಶ್ಚರ್ ಎಷ್ಟು ತೋರಿಸಿತು, ಅದಕ್ಕೆ ತೂಕದಲ್ಲಿ ಬೇರೆ ಕಡಿತ ಹಾಕಿದ್ದೀರಾ ಅಂತ ದಯವಿಟ್ಟು ಬರೆದು ತಿಳಿಸಿ. ನಾನು [ದಿನ] ಬರುತ್ತೇನೆ, ನನ್ನ ಎದುರಿಗೆ ಇನ್ನೊಂದು ಸ್ಯಾಂಪಲ್ ಹಲ್ ಮಾಡಿ ನೋಡೋಣ. ಆಮೇಲೆ ಲೆಕ್ಕ ಮುಗಿಸೋಣ."

ತಾರೀಕು ಆಗಿದ್ದರೆ:

"ನಮಸ್ಕಾರ. 26ನೇ ತಾರೀಕು ಬರುತ್ತೇನೆ. ಅದಕ್ಕೂ ಮೊದಲು ತೂಕ, ಔಟ್‌ಟರ್ನ್, ರೇಟ್ ಇರುವ ಲೆಕ್ಕದ ಚೀಟಿಯ ಫೋಟೋ ಕಳಿಸಿಕೊಡಿ."

ಕಂಸ ಇರೋ ಹಾಗೆಯೇ ಕಳಿಸಿಬಿಡಬೇಡ ಮಾರಾಯ, ಆ ಥರದ್ದು ಬೇಕಾದಷ್ಟು ನೋಡಿದ್ದೇವೆ. ಕಳಿಸುವಾಗ ಮಾವ ವ್ಯಾಪಾರಿಯ ಆ ಮೆಸೇಜನ್ನು ಬಲಕ್ಕೆ ಎಳೆದು, ಅದರ ಕೆಳಗೇ ಉತ್ತರಿಸಲಿ. ಯಾವ ಮಾತಿಗೆ ಯಾವ ಉತ್ತರ ಅಂತ ಗೊಂದಲ ಇರಲ್ಲ.

ಎಸ್ಟೇಟ್_ರೈಟರ್ · 3:02

ಎರಡೂ ಚೆನ್ನಾಗಿವೆ. ಮೊದಲನೆಯದರಲ್ಲಿ "ಅಂತ ತಿಳಿಸಿದ್ದೀರಿ" ಅನ್ನುವುದನ್ನು ಯಾರೂ ತಿದ್ದಬೇಡಿ. ಅವರ ಅಂಕಿಯನ್ನು ಅವರ ಬಾಯಲ್ಲೇ ಇಟ್ಟಿದೆ, ನಾವು ಒಪ್ಪಿಯೂ ಇಲ್ಲ, ತಳ್ಳಿಯೂ ಇಲ್ಲ. ಎರಡರ ಪೈಕಿ ಯಾವುದಕ್ಕೂ ಸರಿಹೊಂದದ ಮೆಸೇಜ್ ಆಗಿದ್ದರೆ ಎರಡನ್ನೂ ಬಿಟ್ಟು ಹೊಸದಾಗಿ ಬರೆಯೋಣ, ಕರಡು ಇದೆ ಅಂತ ಅದರೊಳಗೆ ತುರುಕುವುದು ಬೇಡ.

ಅಮ್ಮತ್ತಿ_ಹುಡುಗ · ಸಂಜೆ 5:47

ಮಾವ ಆ ನಾಲ್ಕು ಸಾಲು ಕಳಿಸಿದ್ದಾರೆ. ವ್ಯಾಪಾರಿಯಿಂದ ಬಂದ ಉತ್ತರ ಇದು, ಇದನ್ನು ಮಾತ್ರ ಫಾರ್ವರ್ಡ್ ಮಾಡಿದ್ರು:

"ಆಯ್ತು, ನಾಳೆ ಹೇಳಿ. ಅದರಲ್ಲಿ ಬರೆದ ಹಾಗೆ ಶನಿವಾರದ ಒಳಗೆ ಆದರೆ ಒಳ್ಳೆಯದು."

ಇದಕ್ಕೆ ಏನು ಬರೆಯಲಿ?

ಚೆರಿ_ಲೆಕ್ಕ · 5:55

ಏನೂ ಬರೆಯಬೇಡ. ಶನಿವಾರದ ಒಳಗೆ ಏನು ಆಗಬೇಕು ಅನ್ನೋದು ಆ ಮೊದಲ ಮೆಸೇಜಿನಲ್ಲೇ ಇದೆ. ಮಾವ ಫೋನಲ್ಲಿ ಶನಿವಾರ ಅನ್ನೋ ಪದವನ್ನೇ ಹೇಳಿರಲಿಲ್ಲ ನೋಡು.

ಸಿದ್ದಾಪುರ_ಸ್ಟೋರ್ಸ್ · 6:03

ಮರುಪರೀಕ್ಷೆಗೆ ಶನಿವಾರ ಕೊನೆ ಅಂತ ಇರುತ್ತೆ. ನೂರಕ್ಕೆ ನೂರು.

ಎಸ್ಟೇಟ್_ರೈಟರ್ · 6:10

ಇರಬಹುದು. ಮಾಲು ಎತ್ತಿಕೊಂಡು ಹೋಗಲೂ ಇರಬಹುದು. ಅಮ್ಮತ್ತಿ ಅವರೇ, ಮಾವ ಮನೆಗೆ ಬಂದ ಮೇಲೆ ಫೋನ್ ನಿಮ್ಮ ಕೈಗೆ ತೆಗೆದುಕೊಂಡು ಶಾಟ್ ನೀವೇ ತೆಗೆಯಿರಿ. ರಾತ್ರಿ 9ರವರೆಗೆ ನಾನು ಇಲ್ಲಿ ನೋಡುತ್ತಿರುತ್ತೇನೆ, ಆಮೇಲೆ ಬಂದರೆ ಬೆಳಿಗ್ಗೆ.